ಪ್ಯಾಕ್ 499, ಬಿಲ್ 792.26. ಮಧ್ಯದ ದುಡ್ಡು ಎಲ್ಲಿಂದ ಬಂತು? ಸಾಲು ಸಾಲಾಗಿ ಬಿಡಿಸೋಣ

ಮಳೆಹನಿ (ಚರ್ಚೆ ಆರಂಭಿಸಿದವರು)

ಪೋಸ್ಟ್‌ಪೇಯ್ಡ್ ಸಂಪರ್ಕ. ತಿಂಗಳ ಬಾಡಿಗೆ 499. ಕರೆ ಅನಿಯಮಿತ, ದಿನಕ್ಕೆ 100 ಎಸ್ಸೆಮ್ಮೆಸ್. ಈ ತಿಂಗಳ ಬಿಲ್ಲಿನ ಮೊದಲ ಪುಟ ಹೀಗಿದೆ:

ತಿಂಗಳ ಬಾಡಿಗೆ: 499.00
ಪ್ಯಾಕ್ ಹೊರಗಿನ ಬಳಕೆ: 88.50
ತೆರಿಗೆ (ಸಿಜಿಎಸ್‌ಟಿ + ಎಸ್‌ಜಿಎಸ್‌ಟಿ): 105.76
ಡಿಜಿಟಲ್ ಖರೀದಿ: 99.00
ಒಟ್ಟು: 792.26

ಎರಡು ಅನುಮಾನ. 499, 88.50, 99 ಕೂಡಿದರೆ 686.50. ಅದಕ್ಕೆ 18% ಅಂದರೆ 123.57 ಆಗಬೇಕು, ಬಿಲ್ಲಿನಲ್ಲಿ 105.76 ಇದೆ. ಕಡಿಮೆ ಹಾಕಿದ್ದಾರೆ ಅಂತ ಖುಷಿಪಡಲೋ, ಇನ್ನೆಲ್ಲೋ ಸೇರಿಸಿದ್ದಾರೆ ಅಂತ ಹೆದರಲೋ ಗೊತ್ತಾಗ್ತಿಲ್ಲ. ಎರಡನೆಯದು, ಎಲ್ಲ ಅನಿಯಮಿತ ಅಂದಮೇಲೆ ಈ 88.50 ಏನು?

ಬೀಗದಕೈ

ಡಿಜಿಟಲ್ ಖರೀದಿ ಅಂದ್ರೆ ವ್ಯಾಲ್ಯೂ ಆಡೆಡ್ ಸರ್ವೀಸ್, ವಿಎಎಸ್. ಕಾಲರ್ ಟ್ಯೂನ್, ಜ್ಯೋತಿಷ್ಯ, ಕ್ರಿಕೆಟ್ ಅಲರ್ಟ್ ಅಂತ ಏನೋ ಒಂದು ಅಂಟಿಕೊಂಡಿರುತ್ತೆ. 155223ಗೆ STOP ಅಂತ ಕಳಿಸಿ, ಕಥೆ ಮುಗೀತು. ತೆರಿಗೆ ಎಲ್ಲದಕ್ಕೂ 18 ಪರ್ಸೆಂಟ್. ಬಿಲ್ಲಿನಲ್ಲಿ ಕಡಿಮೆ ಇದ್ದರೆ ಅವರ ಕಂಪ್ಯೂಟರ್ ತಪ್ಪು, ಸುಮ್ಮನೆ ಕಟ್ಟಿಬಿಡಿ.

ಲೆಕ್ಕದ ಪುಟ

ಸುಮ್ಮನೆ ಕಟ್ಟಬೇಡಿ. ಕಂಪ್ಯೂಟರ್ ತಪ್ಪು ಮಾಡಿಲ್ಲ. ಆ ತೆರಿಗೆ ಸಾಲನ್ನೇ ಹಿಡಿದು ಹಿಂದಕ್ಕೆ ಹೋದರೆ ಈ ಬಿಲ್ಲಿನ ಗುಟ್ಟು ಬಿಚ್ಚಿಕೊಳ್ಳುತ್ತದೆ.

105.76ನ್ನು 0.18ರಿಂದ ಭಾಗಿಸಿ. 587.55ರ ಹತ್ತಿರ ಬರುತ್ತದೆ. ಈಗ ಬಾಡಿಗೆ 499.00, ಹೊರಗಿನ ಬಳಕೆ 88.50 ಕೂಡಿ. 587.50. ಅಂದರೆ ತೆರಿಗೆ ಬಿದ್ದಿರುವುದು ಈ ಎರಡು ಸಾಲಿನ ಮೇಲೆ ಮಾತ್ರ. 99 ರೂಪಾಯಿಯ ಸಾಲು ತೆರಿಗೆ ಹಾಕಿ ಮುಗಿದ ಮೇಲೆ ಕೊನೆಗೆ ಸೇರಿಕೊಂಡಿದೆ.

ಕೊನೆಯಲ್ಲಿ ಐದು ಪೈಸೆ ವ್ಯತ್ಯಾಸ ಕಾಣುವುದಕ್ಕೂ ಕಾರಣವಿದೆ. ತೆರಿಗೆ ಎರಡು ಪಾಲಾಗಿ ಬೀಳುತ್ತದೆ, 9% ಮತ್ತು 9%. 587.50ರ 9% ಅಂದರೆ 52.875. ಅದನ್ನು 52.88 ಮಾಡುತ್ತಾರೆ. ಎರಡು ಸಲ 52.88 ಅಂದರೆ 105.76. ಒಟ್ಟಿಗೆ 18% ಹಾಕಿದ್ದರೆ 105.75 ಆಗುತ್ತಿತ್ತು. ಹೆಚ್ಚಾದದ್ದು ಒಂದೇ ಪೈಸೆ, ಆದರೆ ಅದನ್ನೇ 0.18ರಿಂದ ಹಿಂದಕ್ಕೆ ಭಾಗಿಸಿದಾಗ ಐದಾರು ಪೈಸೆಯಾಗಿ ಉಬ್ಬುತ್ತದೆ. ಪೈಸೆಗಳ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ರೂಪಾಯಿಗಳ ವ್ಯತ್ಯಾಸ ಬಂದರೆ ಮಾತ್ರ ಯಾವುದೋ ಒಂದು ಸಾಲು ನಾವು ಅಂದುಕೊಂಡ ಗುಂಪಿನಲ್ಲಿಲ್ಲ ಅಂತ ಅರ್ಥ.

ಹಾಗಾದರೆ ಆ 99 ಯಾರದ್ದು? ಕಂಪನಿ ತಾನೇ ಮಾರಿದ ಸೇವೆಯಾಗಿದ್ದರೆ, ಉದಾಹರಣೆಗೆ ಕಾಲರ್ ಟ್ಯೂನ್, ಅದು ತೆರಿಗೆಯ ಮೇಲಿನ ಗುಂಪಿನಲ್ಲಿ ಕೂತು ಅದಕ್ಕೂ 18% ಬೀಳುತ್ತಿತ್ತು. ಇದು ಹೊರಗಿನವರ ಮಾರಾಟ. ಮೊಬೈಲ್ ಕಂಪನಿ ಇಲ್ಲಿ ಬರೀ ವಸೂಲಿಗೆ ನಿಂತಿದೆ. ಬೆಲೆಯೊಳಗೇ ತೆರಿಗೆ ಸೇರಿರುವುದರಿಂದ ಮತ್ತೆ ಹಾಕಿಲ್ಲ. ಆಪ್ ಸ್ಟೋರಿನಲ್ಲಿ "ಮೊಬೈಲ್ ಬಿಲ್ಲಿಗೆ ಸೇರಿಸಿ" ಅಂತ ಒತ್ತಿದ ಖರೀದಿಗಳು ಹೀಗೇ ಬರುತ್ತವೆ.

ಮಳೆಹನಿ

ಸಾರ್, ಒಂದು ಫೋಟೋ ಎಡಿಟಿಂಗ್ ಆಪ್ ಹಾಕಿಕೊಂಡಿದ್ದು ನಿಜ. ಆದರೆ 3ನೇ ತಾರೀಖೇ ಅಳಿಸಿ ಹಾಕಿದೆ. ಬಿಲ್ಲಿನಲ್ಲಿ 17ನೇ ತಾರೀಖು ಅಂತಿದೆ. 155223ಗೆ STOP ಕೂಡ ಕಳಿಸಿದೆ. "ನಿಮ್ಮ ಸಂಖ್ಯೆಯಲ್ಲಿ ಯಾವುದೇ ಸೇವೆ ಚಾಲ್ತಿಯಲ್ಲಿಲ್ಲ" ಅಂತ ಉತ್ತರ ಬಂತು.

ಲೆಕ್ಕದ ಪುಟ

ಆ ಉತ್ತರ ಸುಳ್ಳಲ್ಲ. 155223 ನೋಡುವುದು ಕಂಪನಿಯ ಕಡೆಯಿಂದ ಚಾಲೂ ಆದ ವಿಎಎಸ್ ಪಟ್ಟಿಯನ್ನು. ನಿಮ್ಮ ಚಂದಾ ಅಲ್ಲಿಲ್ಲ, ಅದಿರುವುದು ಆಪ್ ಸ್ಟೋರಿನ ನಿಮ್ಮ ಖಾತೆಯಲ್ಲಿ. ಆಪ್ ಅಳಿಸಿದರೆ ಫೋನಿನಲ್ಲಿ ಜಾಗ ಖಾಲಿಯಾಗುತ್ತದೆ, ಚಂದಾ ಹಾಗೇ ಉಳಿಯುತ್ತದೆ.

ಆಂಡ್ರಾಯ್ಡ್ ಆದರೆ Play Store ತೆರೆದು ಬಲಗಡೆ ಮೇಲಿನ ನಿಮ್ಮ ಚಿತ್ರ ಒತ್ತಿ, Payments & subscriptions, ಅದರೊಳಗೆ Subscriptions. ಐಫೋನ್ ಆದರೆ Settings ತೆರೆದು ಮೇಲಿನ ನಿಮ್ಮ ಹೆಸರು ಒತ್ತಿ, Subscriptions. ಫೋನಿನಲ್ಲಿ ಎರಡು ಮೂರು ಇಮೇಲ್ ಖಾತೆ ಇದ್ದರೆ ಒಂದೊಂದನ್ನೂ ಬದಲಿಸಿ ನೋಡಿ. ಬಹಳಷ್ಟು ಜನ ಒಂದೇ ಖಾತೆ ನೋಡಿ "ಏನೂ ಇಲ್ಲ" ಅಂದುಬಿಡುತ್ತಾರೆ. ರದ್ದು ಮಾಡಿದ ಮೇಲೆ ಚಂದಾ ಯಾವ ತಾರೀಖಿಗೆ ಮುಗಿಯುತ್ತದೆ ಅಂತ ಅದೇ ಪರದೆಯಲ್ಲಿ ಕಾಣಬೇಕು. ಕಾಣದಿದ್ದರೆ ರದ್ದಾಗಿಲ್ಲ.

ಬೀಗದಕೈ

ಸರಿ, ಅದು ಗೊತ್ತಿರಲಿಲ್ಲ. ಆದರೆ ಡಿಎನ್‌ಡಿ ಹಾಕಿಸಿದ್ದರೆ ಇದೆಲ್ಲ ಬರ್ತಾನೇ ಇರಲಿಲ್ಲ.

ಟವರ್ ಕೆಳಗೆ

ಡಿಎನ್‌ಡಿ ತಡೆಯುವುದು ಜಾಹೀರಾತು ಕರೆ, ಜಾಹೀರಾತು ಸಂದೇಶಗಳನ್ನು. ನೀವೇ ಒತ್ತಿದ ಚಂದಾ ಆಗಲಿ, ಕೈತಪ್ಪಿ ಒತ್ತಿದ ಚಂದಾ ಆಗಲಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಆಪ್ ಸ್ಟೋರಿನ ಖರೀದಿ ಬಿಲ್ಲಿಗೆ ಬರುವುದೇ ಬೇಡ ಅಂದರೆ ಸ್ಟೋರಿನ ಪಾವತಿ ವಿಧಾನಗಳಲ್ಲಿ ಮೊಬೈಲ್ ಬಿಲ್ ಅನ್ನುವುದನ್ನು ತೆಗೆದುಹಾಕಿ. ಕಸ್ಟಮರ್ ಕೇರಿಗೂ "ಕ್ಯಾರಿಯರ್ ಬಿಲ್ಲಿಂಗ್ ಮುಚ್ಚಿ" ಅಂತ ಹೇಳಿ, ಅವರು ಕೊಡುವ ದೂರಿನ ಸಂಖ್ಯೆ, ಅಂದರೆ ಡಾಕೆಟ್ ನಂಬರ್, ಬರೆದಿಟ್ಟುಕೊಳ್ಳಿ.

ಕಂಪನಿಯ ಕಡೆಯ ವಿಎಎಸ್ ಹೇಗೆ ಅಂಟಿಕೊಳ್ಳುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ "ನಾನು ನಂಬರೇ ಕೊಟ್ಟಿಲ್ಲ, ಹೇಗೆ ಶುರುವಾಯಿತು" ಅಂತ ಎಲ್ಲರೂ ಕೇಳುತ್ತಾರೆ. ಮೊಬೈಲ್ ಡೇಟಾದಲ್ಲಿ ಪುಟ ತೆರೆದಾಗ ಆ ಕೋರಿಕೆ ಹೋಗುವುದು ಕಂಪನಿಯ ಜಾಲದ ಮೂಲಕ. ಯಾವ ಸಿಮ್ಮಿನಿಂದ ಬಂದದ್ದು ಅಂತ ಜಾಲಕ್ಕೆ ಗೊತ್ತು. ಕಂಪನಿಯೊಡನೆ ಒಪ್ಪಂದ ಇರುವ ಪುಟಕ್ಕೆ ಆ ಗುರುತು ಹಿಂದಿನಿಂದಲೇ ಸಿಗುತ್ತದೆ. ಹಾಗಾಗಿ ಜಾಹೀರಾತನ್ನು ಮುಚ್ಚಲು ಹೋಗಿ ಗುಂಡಿ ಒತ್ತಿದರೂ ಸಾಕು, ನಂಬರ್ ಟೈಪ್ ಮಾಡಬೇಕಾಗಿಲ್ಲ. ಅದೇ ಪುಟವನ್ನು ವೈಫೈನಲ್ಲಿ ತೆರೆದರೆ ಅದು ನಂಬರ್ ಕೇಳುತ್ತದೆ, ಒಟಿಪಿ ಕೇಳುತ್ತದೆ.

ಈ ಕಾಟ ಹೆಚ್ಚಾಗಿಯೇ 2013ರಲ್ಲಿ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಎರಡು ಸಲ ಒಪ್ಪಿಗೆ ಪಡೆಯಬೇಕು ಅಂತ ನಿರ್ದೇಶನ ಕೊಟ್ಟದ್ದು. ಆದ್ದರಿಂದ ದೂರು ಕೊಡುವಾಗ "ನಾನು ಮಾಡಿಲ್ಲ" ಅಂತ ವಾದಕ್ಕೆ ನಿಲ್ಲುವ ಬದಲು "ಎರಡನೇ ಒಪ್ಪಿಗೆ ಯಾವ ದಿನ, ಎಷ್ಟು ಗಂಟೆಗೆ, ಯಾವ ರೀತಿಯಲ್ಲಿ ಬಂತು, ದಾಖಲೆ ಕೊಡಿ" ಅಂತ ಕೇಳಿ. ಮಾತಿನ ಧಾಟಿಯೇ ಬದಲಾಗುತ್ತದೆ.

ಮಳೆಹನಿ

99ರದ್ದು ಸಿಕ್ಕಿತು, ಹಳೇ ಇಮೇಲ್ ಖಾತೆಯಲ್ಲಿತ್ತು. ರದ್ದು ಮಾಡಿದೆ. ಈಗ 88.50. ವಿವರವಾದ ಬಿಲ್ ಕೇಳಿ ತರಿಸಿಕೊಂಡೆ. 31 ಪುಟ ಇದೆ! ಎಲ್ಲಿಂದ ಶುರು ಮಾಡಲಿ?

ಲೆಕ್ಕದ ಪುಟ

31 ಪುಟ ಓದಬೇಡಿ. ಬಲ ತುದಿಯ ಮೊತ್ತದ ಕಾಲಂ ಒಂದನ್ನೇ ಕಣ್ಣಿನಲ್ಲಿ ಇಳಿಸುತ್ತಾ ಹೋಗಿ. 0.00 ಅಂತಿದ್ದರೆ ಪ್ಯಾಕಿನೊಳಗೆ ಹೋಗಿದೆ, ಬಿಡಿ. ಸೊನ್ನೆ ಅಲ್ಲದ ಸಾಲುಗಳನ್ನು ಮಾತ್ರ ಇಲ್ಲಿ ಹಾಕಿ.

ಮಳೆಹನಿ

ಹೀಗಿವೆ:

1860 ಸಂಖ್ಯೆಗೆ ಕರೆ, 2 ನಿಮಿಷ 5 ಸೆಕೆಂಡ್: 9.00
ಐಎಸ್‌ಡಿ ಕರೆ, 4 ನಿಮಿಷ 3 ಸೆಕೆಂಡ್: 55.00
ಅಂತರರಾಷ್ಟ್ರೀಯ ಎಸ್ಸೆಮ್ಮೆಸ್, ಬೆಳಗ್ಗೆ 6:12 ಮತ್ತು 6:14, ತಲಾ 5.00: 10.00
ಎಸ್ಸೆಮ್ಮೆಸ್, ಒಂದೇ ದಿನ 29, ತಲಾ 0.50: 14.50

ಐಎಸ್‌ಡಿ ಮಾಡಿದ್ದು ಹೌದು. ಮಿಕ್ಕದ್ದು ಯಾವುದೂ ಅರ್ಥವಾಗ್ತಿಲ್ಲ. ವಿದೇಶಕ್ಕೆ ಎಸ್ಸೆಮ್ಮೆಸ್ ನಾನು ಕಳಿಸಿಯೇ ಇಲ್ಲ. ಮೆಸೇಜ್ ಆಪ್‌ನಲ್ಲೂ ಇಲ್ಲ.

ಲೆಕ್ಕದ ಪುಟ

ಕೂಡಿದರೆ 88.50, ಸರಿಹೊಂದಿತು. ಒಂದೊಂದಾಗಿ ಬರೋಣ.

1860ಕ್ಕೆ ಕರೆ. 1800 ಉಚಿತ, 1860 ಉಚಿತ ಅಲ್ಲ. ಎರಡೂ ಒಂದೇ ಥರ ಕಾಣುವುದರಿಂದ ಜನ ಮೋಸಹೋಗುತ್ತಾರೆ. ಎಷ್ಟೋ ಪ್ಯಾಕುಗಳ "ಅನಿಯಮಿತ"ದಲ್ಲಿ 1860 ಸೇರಿರುವುದಿಲ್ಲ. ಇನ್ನು ಹೊತ್ತಿನ ಲೆಕ್ಕ. ನಿಮ್ಮ ಪಲ್ಸ್, ಅಂದರೆ ಒಂದು ಸಲದ ದರ ಬೀಳುವ ಅವಧಿ, 60 ಸೆಕೆಂಡಿನದ್ದು ಅಂತ ಕಾಣುತ್ತದೆ. 2 ನಿಮಿಷ 5 ಸೆಕೆಂಡ್ ಅಂದರೆ 3 ಪಲ್ಸ್, ಮೂರು ಮೂರಲೆ 9. ಐಎಸ್‌ಡಿಯೂ ಹಾಗೇ. 4 ನಿಮಿಷ 3 ಸೆಕೆಂಡ್ ಅಂದರೆ 5 ಪಲ್ಸ್, 11ರಂತೆ 55. ಆ ಕೊನೆಯ ಮೂರು ಸೆಕೆಂಡಿಗೆ 11 ರೂಪಾಯಿ. "ಸರಿ, ಇಡ್ತೀನಿ" ಅನ್ನುವಷ್ಟು ಹೊತ್ತು!

ಬಿಲ್ಲಿನಲ್ಲಿ ಕೆಲವು ಕಡೆ ನಿಜವಾದ ಅವಧಿ ಒಂದು ಕಾಲಮ್ಮಿನಲ್ಲಿ, ಲೆಕ್ಕಕ್ಕೆ ತೆಗೆದುಕೊಂಡ ಅವಧಿ ಇನ್ನೊಂದರಲ್ಲಿ ಇರುತ್ತದೆ. ಎರಡನ್ನೂ ನೋಡದೆ ದರದಿಂದ ಗುಣಿಸಿದರೆ ಯಾವತ್ತೂ ತಾಳೆ ಬೀಳುವುದಿಲ್ಲ.

ಬೆಳಗಿನ ಆ ಎರಡು ವಿದೇಶಿ ಎಸ್ಸೆಮ್ಮೆಸ್ ಬಗ್ಗೆ ಒಂದು ಪ್ರಶ್ನೆ. ನಿಮ್ಮದು ಐಫೋನಾ? ಆ ದಿನ ಫೋನ್ ರೀಸೆಟ್ ಮಾಡಿದಿರಾ, ಇಲ್ಲಾ ಸಿಮ್ ತೆಗೆದು ಹಾಕಿದಿರಾ?

ಮಳೆಹನಿ

ಐಫೋನೇ. ಹಿಂದಿನ ರಾತ್ರಿ ರೀಸೆಟ್ ಮಾಡಿ ಬೆಳಗ್ಗೆ ಸಿಮ್ ಹಾಕಿದೆ. ಇದು ನಿಮಗೆ ಹೇಗೆ ಗೊತ್ತಾಯಿತು?

ಲೆಕ್ಕದ ಪುಟ

ಐಮೆಸೇಜ್, ಫೇಸ್‌ಟೈಮ್ ಚಾಲೂ ಆಗುವಾಗ ಈ ನಂಬರ್ ನಿಜಕ್ಕೂ ಈ ಫೋನಿನಲ್ಲೇ ಇದೆಯಾ ಅಂತ ಖಚಿತಪಡಿಸಿಕೊಳ್ಳಲು ಫೋನ್ ತಾನೇ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ. ಅದು ವಿದೇಶದ ನಂಬರಿಗೆ ಹೋಗಬಹುದು. ಮೆಸೇಜ್ ಪಟ್ಟಿಯಲ್ಲಿ ಕಾಣುವುದಿಲ್ಲ. ಮೊದಲ ಸಲ ಸಿಗ್ನಲ್ ಸರಿಯಿಲ್ಲದೆ ತಪ್ಪಿದರೆ ಮತ್ತೆ ಕಳಿಸುತ್ತದೆ. ಎರಡು ನಿಮಿಷದ ಅಂತರದಲ್ಲಿ ಎರಡು ಇರುವುದು ಅದಕ್ಕೇ ಇರಬೇಕು. ಸಾಲಿನಲ್ಲಿರುವ ನಂಬರ್ +44ರಿಂದ ಶುರುವಾಗಿದ್ದರೆ ಅನುಮಾನವೇ ಬೇಡ.

ಬೀಗದಕೈ

ಕೊನೇದು ಮಾತ್ರ ಖಂಡಿತ ಕಂಪನಿ ತಪ್ಪು. 160 ಅಕ್ಷರದವರೆಗೆ ಒಂದು ಎಸ್ಸೆಮ್ಮೆಸ್. ಪ್ಯಾಕಿನ 100ರ ಮೇಲೆ 29 ಅಂದ್ರೆ ಒಂದೇ ದಿನ 129 ಎಸ್ಸೆಮ್ಮೆಸ್, ಯಾರು ಕಳಿಸ್ತಾರೆ?

ಮಳೆಹನಿ

ಅಂದು ಕಾರ್ಯಕ್ರಮವೊಂದರ ಆಹ್ವಾನ ಕಳಿಸಿದ್ದೆ. 43 ಜನಕ್ಕೆ. 129 ಅಲ್ಲ!

ಲೆಕ್ಕದ ಪುಟ

43 × 3 = 129. ಆಹ್ವಾನ ಕನ್ನಡದಲ್ಲಿತ್ತು ತಾನೆ? 150 ಅಕ್ಷರದ ಆಸುಪಾಸು?

160 ಅನ್ನುವ ಲೆಕ್ಕ ಇಂಗ್ಲಿಷ್ ಅಕ್ಷರಕ್ಕೆ. ಸಂದೇಶದಲ್ಲಿ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಇಡೀ ಸಂದೇಶ ಬೇರೆ ಸಂಕೇತಕ್ಕೆ ಬದಲಾಗುತ್ತದೆ, ಮಿತಿ 70ಕ್ಕೆ ಇಳಿಯುತ್ತದೆ. 70 ದಾಟಿದರೆ ತುಂಡಾಗುತ್ತದೆ. ತುಂಡುಗಳನ್ನು ಆ ಕಡೆ ಮತ್ತೆ ಜೋಡಿಸಲು ಒಂದಷ್ಟು ಜಾಗ ಹೋಗುವುದರಿಂದ ಒಂದೊಂದು ತುಂಡಿನಲ್ಲಿ 67 ಮಾತ್ರ ಹಿಡಿಯುತ್ತದೆ. ಎರಡು ತುಂಡಿಗೆ 134. ನಿಮ್ಮದು 150 ಇದ್ದರೆ ಮೂರನೇ ತುಂಡು ಬೇಕೇ ಬೇಕು. ಪರದೆಯಲ್ಲಿ ಒಂದೇ ಸಂದೇಶ, ಬಿಲ್ಲಿನಲ್ಲಿ ಮೂರು. ದಿನದ 100 ಕಳೆದರೆ 29, ತಲಾ ಐವತ್ತು ಪೈಸೆ, 14.50.

ಇನ್ನೊಂದು ವಿಷಯ. ಇಲ್ಲಿ ಅಕ್ಷರ ಅಂದರೆ ನಾವು ಶಾಲೆಯಲ್ಲಿ ಎಣಿಸಿದ ಅಕ್ಷರ ಅಲ್ಲ. "ಲಕ್ಷ್ಮಿ" ನಮಗೆ ಎರಡಕ್ಷರ. ಫೋನಿಗೆ ಏಳು: ಲ, ಕ, ಒತ್ತು ಕೂಡಿಸುವ ಅರ್ಧಾಕ್ಷರ ಚಿಹ್ನೆ, ಷ, ಮತ್ತೆ ಅದೇ ಚಿಹ್ನೆ, ಮ, ಕೊನೆಗೆ ಗುಡಿಸು. ಒತ್ತಕ್ಷರ ಹೆಚ್ಚಿದ್ದಷ್ಟೂ ಮಿತಿ ಬೇಗ ತುಂಬುತ್ತದೆ. ಕೆಲವು ಫೋನುಗಳಲ್ಲಿ ಬರೆಯುವ ಜಾಗದ ಪಕ್ಕ 12/2 ಅಂತ ಸಣ್ಣದಾಗಿ ಕಾಣುತ್ತದಲ್ಲ, ಓರೆಗೆರೆಯ ಆಚೆಗಿನ ಅಂಕೆಯೇ ತುಂಡುಗಳ ಸಂಖ್ಯೆ.

ಬೀಗದಕೈ

ಅಯ್ಯೋ, ಸೋತೆ. ಕನ್ನಡದಲ್ಲಿ ಬರೆದರೆ ದಂಡ ಅಂದಹಾಗಾಯ್ತು.

ನದಿದಂಡೆ

ನಾನು ಬ್ರಿಟನ್ನಿನಲ್ಲಿರುವುದು. ಲೆಕ್ಕದ ಪುಟ ಅವರು ಹೇಳಿದ ಹಾಗೆ ತೆರಿಗೆಯಿಂದ ಹಿಂದಕ್ಕೆ ಹೋದೆ, ನನ್ನ ಬಿಲ್ಲಿಗೆ ಸರಿಬರಲಿಲ್ಲ. ಒಟ್ಟು 60 ಪೌಂಡ್, ವ್ಯಾಟ್ 20%. 12 ಬರಬೇಕು, ಅವರು 10 ಅಂತ ತೋರಿಸಿದ್ದಾರೆ.

ಟವರ್ ಕೆಳಗೆ

ಅಲ್ಲಿ ಹೇಳುವ ಬೆಲೆಯೊಳಗೇ ವ್ಯಾಟ್ ಸೇರಿರುತ್ತದೆ. 60ನ್ನು 1.20ರಿಂದ ಭಾಗಿಸಿ, 50. ಅದರ 20% ಅಂದರೆ 10. ಬಿಲ್ ಸರಿಯಾಗಿದೆ. ನಮ್ಮಲ್ಲಿ ಪೋಸ್ಟ್‌ಪೇಯ್ಡ್ ಬಾಡಿಗೆಯನ್ನು ತೆರಿಗೆ ಬಿಟ್ಟು ಹೇಳುವುದು ರೂಢಿ, ಆದ್ದರಿಂದ 499ರ ಪ್ಯಾಕಿಗೆ ಬೇರೇನೂ ಬಳಸದಿದ್ದರೂ 588.82 ಬರುತ್ತದೆ. ನಿಮ್ಮ ಕಡೆ ಪ್ಯಾಕ್ ಹೊರಗಿನದ್ದು ಹುಡುಕುವಾಗ 084, 087ರಿಂದ ಶುರುವಾಗುವ ನಂಬರುಗಳನ್ನು ನೋಡಿ. ಅದರಲ್ಲಿ ನಿಮ್ಮ ಕಂಪನಿಯ ಪಾಲು ಒಂದು, ಆ ನಂಬರ್ ಇಟ್ಟುಕೊಂಡವರ ಪಾಲು ಇನ್ನೊಂದು, ಎರಡೂ ಸೇರಿ ಬೀಳುತ್ತವೆ.

ಹೊಸಬಾಗಿಲು

ನಂದೂ ಇದೇ ಸಮಸ್ಯೆ. ತಿಂಗಳ ಮಧ್ಯೆ 499ರಿಂದ 699ಕ್ಕೆ ಪ್ಯಾಕ್ ಬದಲಾಯಿಸಿದೆ. ಬಿಲ್ ಡಬಲ್ ಬಂದಿದೆ. ನನಗೂ ಯಾರೋ ವಿಎಎಸ್ ಹಾಕಿದ್ದಾರಾ?

ಲೆಕ್ಕದ ಪುಟ

ನಿಮ್ಮದು ಬೇರೆ ವಿಷಯ, ವಿಎಎಸ್ ಅಲ್ಲ. ಬಾಡಿಗೆಯನ್ನು ಮುಂಗಡವಾಗಿ ತೆಗೆದುಕೊಳ್ಳುವ ಬಿಲ್ ಅನಿಸುತ್ತದೆ. 30 ದಿನದ ಚಕ್ರದಲ್ಲಿ 10 ದಿನ ಕಳೆದ ಮೇಲೆ ಬದಲಾಯಿಸಿದಿರಿ ಅಂತಿಟ್ಟುಕೊಳ್ಳಿ. ಹಳೇ ಪ್ಯಾಕಿನಲ್ಲಿ ಬಳಸದ 20 ದಿನದ್ದು ವಾಪಸ್: 332.67, ಮೈನಸ್ ಗುರುತಿನೊಂದಿಗೆ. ಹೊಸ ಪ್ಯಾಕಿನ 20 ದಿನ: 466.00. ಜೊತೆಗೆ ಬರುವ ತಿಂಗಳ ಪೂರ್ತಿ 699.00. ಒಟ್ಟು 832.33, ಅದರ ಮೇಲೆ ತೆರಿಗೆ. ಮುಂದಿನ ತಿಂಗಳು ಮಾಮೂಲಿಗೆ ಬರಬೇಕು. ಮೈನಸ್ ಸಾಲೇ ಕಾಣಿಸದಿದ್ದರೆ ಆಗ ಜಗಳ ತೆಗೆಯಿರಿ.

ಹೊಸಬಾಗಿಲು

ಮೈನಸ್ ಸಾಲು ಇದೆ! ಆದರೆ ಡೇಟಾ ಪ್ಯಾಕ್ ಹೊರಗೆ ಅಂತಲೂ ಸ್ವಲ್ಪ ಹಾಕಿದ್ದಾರೆ. 75 ಜಿಬಿಯಲ್ಲಿ ನಾನು 60 ಮಾತ್ರ ಬಳಸಿದ್ದು.

ಟವರ್ ಕೆಳಗೆ

20 ದಿನಕ್ಕೆ ಬಾಡಿಗೆ ಇಳಿಸಿದ ಹಾಗೆ ಡೇಟಾ ಕೋಟಾವನ್ನೂ ಇಳಿಸಿ 50 ಜಿಬಿ ಮಾಡಿರಬಹುದು. ಹಾಗಾದರೆ ನೀವು 10 ಜಿಬಿ ದಾಟಿದಿರಿ.

ಲೆಕ್ಕದ ಪುಟ

ಎಲ್ಲರೂ ಹಾಗೆ ಇಳಿಸುವುದಿಲ್ಲ, ಪೂರ್ತಿ 75 ಕೊಡುವ ಪ್ಯಾಕುಗಳೂ ಇವೆ. ನಿಮ್ಮ ಪ್ಯಾಕಿನ ಷರತ್ತಿನಲ್ಲಿ ಏನಿದೆ ಅಂತ ನೋಡದೆ ಹೇಳಲಾಗದು. ಬದಲಾಯಿಸಿದ ದಿನ ಬಂದ ಎಸ್ಸೆಮ್ಮೆಸ್ ಇಟ್ಟುಕೊಂಡಿದ್ದೀರಾ? ಅದರಲ್ಲಿ ಕೋಟಾ ಬರೆದಿರಬೇಕು.

ಹೊಸಬಾಗಿಲು

ಅಳಿಸಿಬಿಟ್ಟೆ.

ಮಳೆಹನಿ

ನನ್ನ ಕಡೆಯದ್ದು: ವಿದೇಶಿ ಎಸ್ಸೆಮ್ಮೆಸ್ಸಿನ ನಂಬರ್ +44ದೇ. ಅದನ್ನು ಪ್ರಶ್ನಿಸಬಹುದಾ? ಮತ್ತೆ 99 ವಾಪಸ್ ಕೇಳಬೇಕಾದ್ದು ಮೊಬೈಲ್ ಕಂಪನಿಯನ್ನೋ, ಆಪ್ ಸ್ಟೋರನ್ನೋ?

ಟವರ್ ಕೆಳಗೆ

99ಕ್ಕೆ ಮೊದಲು ಆಪ್ ಸ್ಟೋರಿನಲ್ಲೇ ಮರುಪಾವತಿ ಕೋರಿಕೆ ಹಾಕಿ. ಆಪ್ ಯಾವಾಗ ಅಳಿಸಿದಿರಿ, ಹಣ ಯಾವಾಗ ಬಿತ್ತು, ಎರಡನ್ನೂ ಬರೆಯಿರಿ. ಸಿಕ್ಕೇ ಸಿಗುತ್ತದೆ ಅಂತ ಹೇಳಲಾರೆ, ತಪ್ಪಿಲ್ಲದೆ ಚಂದಾ ಮುಂದುವರಿದಿದ್ದರೆ ಅವರು ಒಪ್ಪದಿರಬಹುದು. ಅಲ್ಲಿ ವಾಪಸ್ ಆದರೂ ಅದು ಈ ಬಿಲ್ಲಿನಲ್ಲಿ ಕಾಣುವುದಿಲ್ಲ, ಮುಂದಿನ ಬಿಲ್ಲಿನಲ್ಲಿ ಮೈನಸ್ ಸಾಲಾಗಿ ಬರುತ್ತದೆ.

ಲೆಕ್ಕದ ಪುಟ

10 ರೂಪಾಯಿಯದ್ದು ನಿಜಕ್ಕೂ ಹೋದ ಎಸ್ಸೆಮ್ಮೆಸ್, ಹಾಗಾಗಿ ತಪ್ಪು ಬಿಲ್ ಅನ್ನಲಾಗದು. ಸೌಜನ್ಯಕ್ಕೆ ಬಿಟ್ಟರೆ ಬಿಟ್ಟರು. ದೂರು ಕೊಡುವುದಾದರೆ "ಬಿಲ್ ಜಾಸ್ತಿ ಬಂದಿದೆ" ಅಂತ ಬರೆಯಬೇಡಿ. ಸಾಲಿನ ತಾರೀಖು, ಗಂಟೆ, ನಂಬರ್, ಮೊತ್ತ, ಇಷ್ಟೇ ಬರೆದು ಡಾಕೆಟ್ ನಂಬರ್ ತೆಗೆದುಕೊಳ್ಳಿ. ಮೊತ್ತ ತಗ್ಗಿಸಿದರೆ ಅದರ ಮೇಲಿನ ತೆರಿಗೆಯೂ ತಗ್ಗಬೇಕು. 10 ಬಿಟ್ಟರೆ ನಿಮಗೆ 11.80 ವಾಪಸ್ ಬರಬೇಕು, ಬರೀ 10 ಕೊಟ್ಟು ಕೈತೊಳೆದುಕೊಂಡರೆ ಮತ್ತೆ ಕೇಳಿ. ಉತ್ತರ ಸಮಾಧಾನ ತರದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರ ಅಂತ ಒಂದಿದೆ, ಅಲ್ಲಿಗೆ 30 ದಿನದೊಳಗೆ ಹೋಗಬೇಕು.

ಬೀಗದಕೈ

ಹಿಂದಿನ ತಿಂಗಳ ಬಾಕಿ ಇದ್ದರೆ ಅದಕ್ಕೂ ಮತ್ತೆ 18% ಬೀಳುತ್ತಾ? ಈ ಸಲ ಹೇಳೋಕಿಂತ ಮೊದಲು ಕೇಳ್ತಿದ್ದೀನಿ.

ಲೆಕ್ಕದ ಪುಟ

ಬಾಕಿಗೆ ಬೀಳುವುದಿಲ್ಲ, ಅದಕ್ಕೆ ಆಗಲೇ ತೆರಿಗೆ ಹಾಕಿಯಾಗಿದೆ. ತಡವಾಗಿ ಕಟ್ಟಿದ್ದಕ್ಕೆ ಹಾಕುವ ಶುಲ್ಕಕ್ಕೆ ಮಾತ್ರ ಬೀಳುತ್ತದೆ. ಅದಕ್ಕೇ "ಈ ತಿಂಗಳ ಮೊತ್ತ" ಮತ್ತು "ಕಟ್ಟಬೇಕಾದ ಮೊತ್ತ" ಅಂತ ಎರಡು ಅಂಕೆ ಇರುವುದು. ತೆರಿಗೆಯನ್ನು ತಾಳೆ ನೋಡುವಾಗ ಮೊದಲನೆಯದನ್ನೇ ಹಿಡಿಯಿರಿ.

ಮಳೆಹನಿ

ದೂರು ಹಾಕಿದೆ, ಡಾಕೆಟ್ ನಂಬರ್ ಬಂತು. ಇದರ ನಡುವೆ 9ನೇ ಪುಟದಲ್ಲಿ ಇನ್ನೊಂದು ಸಾಲು ಕಣ್ಣಿಗೆ ಬಿತ್ತು: ಡೇಟಾ, ರಾತ್ರಿ 11:58ರಿಂದ 4 ಗಂಟೆ 10 ನಿಮಿಷ, ಮೊತ್ತ 0.00. ಆ ಹೊತ್ತಿಗೆ ಫೋನ್ ವೈಫೈನಲ್ಲಿತ್ತು, ನಾನು ಮಲಗಿದ್ದೆ. ದುಡ್ಡು ಬಿದ್ದಿಲ್ಲ, ಆದರೂ ಇದೇನು?